ವರ್ಷಕ್ಕೆ ಹದಿಮೂರು ತಿಂಗಳು

ವರ್ಷಕ್ಕೆ ಹನ್ನೆರಡು ತಿಂಗಳು ಎಂಬುದು ಪಂಚಾಂಗದ ಲೆಕ್ಕ. ಮೊಬೈಲ್ ರಿಚಾರ್ಜಿನ ಲೆಕ್ಕದಲ್ಲಿ ವರ್ಷಕ್ಕೆ ಹದಿಮೂರು ತಿಂಗಳುಗಳಿವೆ. ನಾವು 'ತಿಂಗಳ ಪ್ಲ್ಯಾನ್' ಎಂದು ಕರೆಯುವುದು ವಾಸ್ತವದಲ್ಲಿ 28 ದಿನಗಳ ಪ್ಲ್ಯಾನ್. 28ನ್ನು 13ರಿಂದ ಗುಣಿಸಿದರೆ 364 ದಿನಗಳಾಗುತ್ತವೆ. ಮನೆಯ ವಾರ್ಷಿಕ ಖರ್ಚನ್ನು ಹನ್ನೆರಡರಿಂದ ಗುಣಿಸಿ ಬರೆದುಕೊಳ್ಳುವವರ ಲೆಕ್ಕದಲ್ಲಿ ಪ್ರತಿ ಫೋನಿಗೂ ಒಂದು ರಿಚಾರ್ಜಿನ ಹಣ ಕಾಣದೆ ಹೋಗುತ್ತದೆ.

ಫೋನು, ಬ್ರಾಡ್‌ಬ್ಯಾಂಡ್ ಮತ್ತು ಚಲನಚಿತ್ರ ನೋಡುವ ಆ್ಯಪ್‌ಗಳ ಚಂದಾ, ಈ ಮೂರನ್ನೂ ಒಂದೇ ಕಾಗದದ ಮೇಲೆ ತಂದು, ಯಾವುದನ್ನು ಬಿಟ್ಟರೆ ವರ್ಷಕ್ಕೆ ಎಷ್ಟು ಉಳಿಯುತ್ತದೆ ಎಂಬುದನ್ನು ಈ ವಾರ ನೋಡೋಣ. ಇಲ್ಲಿ ಕೊಟ್ಟಿರುವ ಮೊಬೈಲ್ ದರಗಳು 2024ರ ಜುಲೈ ತಿಂಗಳ ಏರಿಕೆಯ ನಂತರ ಜಾರಿಗೆ ಬಂದ ಜಿಯೋ ಪ್ರೀಪೇಯ್ಡ್ ದರಗಳು. ಕೇವಲ ಮಾತಿನ ಪ್ಲ್ಯಾನಿನ ದರ 2025ರ ಜನವರಿಯದು. ದರ ಬದಲಾದಾಗ ಅಂಕಿಯನ್ನು ಬದಲಿಸಿಕೊಳ್ಳಿರಿ. ಲೆಕ್ಕದ ಕ್ರಮ ಬದಲಾಗುವುದಿಲ್ಲ. ಬೇರೆ ಬೇರೆ ಕಂಪನಿಗಳ ದರಗಳನ್ನು ಹೋಲಿಸಿ ನೋಡಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ tariff.trai.gov.in ಎಂಬ ತಾಣವನ್ನು ಇಟ್ಟಿದೆ.

ನೂಲದಂಥ ಊರಿನ ಒಂದು ಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಕಬ್ಬು ಬೆಳೆಯುವ ಯಜಮಾನರು, ಅವರ ಪತ್ನಿ, ವಯಸ್ಸಾದ ತಾಯಿ, ಗಡಹಿಂಗ್ಲಜದಲ್ಲಿ ಕಾಲೇಜಿಗೆ ಹೋಗುವ ಮಗಳು. ನಾಲ್ಕು ಜನ, ನಾಲ್ಕು ಫೋನು. ನಾಲ್ಕಕ್ಕೂ ದಿನಕ್ಕೆ 1.5 ಜಿಬಿ ಡೇಟಾ ಕೊಡುವ 299 ರೂಪಾಯಿಯ 28 ದಿನಗಳ ಪ್ಲ್ಯಾನ್. ಮನೆಯಲ್ಲಿ ಬಿಎಸ್‌ಎನ್‌ಎಲ್‌ನ 449 ರೂಪಾಯಿಯ ಫೈಬರ್ ಸಂಪರ್ಕ. ಅದರ ಮೇಲೆ 149 ರೂಪಾಯಿಯ ನೆಟ್‌ಫ್ಲಿಕ್ಸ್ ಮೊಬೈಲ್ ಚಂದಾ ಮತ್ತು ತಿಂಗಳಿಗೆ 299 ರೂಪಾಯಿಯ ಅಮೆಜಾನ್ ಪ್ರೈಮ್.

ಒಂದು ಫೋನಿಗೆ 299ನ್ನು ಹದಿಮೂರರಿಂದ ಗುಣಿಸಿದರೆ 3,887 ರೂಪಾಯಿ, ನಾಲ್ಕಕ್ಕೆ 15,548. ಫೈಬರಿನ ಬಿಲ್ಲು ಮಾತ್ರ ತಿಂಗಳ ಲೆಕ್ಕದಲ್ಲೇ ಬರುತ್ತದೆ, ಆದರೆ ಅಲ್ಲಿ ಬೇರೊಂದು ಸೂಕ್ಷ್ಮವಿದೆ. ಮೊಬೈಲ್ ರಿಚಾರ್ಜಿನ ದರದಲ್ಲಿ ತೆರಿಗೆ ಸೇರಿರುತ್ತದೆ. ಬ್ರಾಡ್‌ಬ್ಯಾಂಡಿನ ಜಾಹೀರಾತಿನ ದರದಲ್ಲಿ ಸೇರಿರುವುದಿಲ್ಲ. ಶೇಕಡಾ 18ರ ಜಿಎಸ್‌ಟಿ ಸೇರಿದಾಗ 449 ಎಂಬುದು 529 ರೂಪಾಯಿ 82 ಪೈಸೆಯಾಗಿ, ವರ್ಷಕ್ಕೆ 6,358 ರೂಪಾಯಿ ಆಗುತ್ತದೆ. ನೆಟ್‌ಫ್ಲಿಕ್ಸಿಗೆ ವರ್ಷಕ್ಕೆ 1,788, ಪ್ರೈಮಿಗೆ 3,588. ಎಲ್ಲವನ್ನೂ ಕೂಡಿಸಿದರೆ 27,282 ರೂಪಾಯಿ.

ಮೊದಲು ಅವಧಿಯನ್ನು ನೋಡೋಣ. 28 ದಿನಗಳ ಪ್ಲ್ಯಾನಿನ ಬಗ್ಗೆ ಗ್ರಾಹಕರು ದೂರಿದ್ದರಿಂದ, 30 ದಿನಗಳ ಒಂದು ಪ್ಲ್ಯಾನನ್ನೂ, ಪ್ರತಿ ತಿಂಗಳು ಅದೇ ದಿನಾಂಕಕ್ಕೆ ಮುಗಿಯುವ ಒಂದು ಪ್ಲ್ಯಾನನ್ನೂ ಪ್ರತಿಯೊಂದು ಕಂಪನಿ ಇಡಲೇಬೇಕೆಂದು ಟ್ರಾಯ್ 2022ರ ಜನವರಿಯಲ್ಲಿ ಆದೇಶಿಸಿತು. ಆದರೆ ಆದೇಶವು ಅವಧಿಗೆ ಸಂಬಂಧಿಸಿದ್ದು, ದರಕ್ಕಲ್ಲ. 299ರಷ್ಟೇ ಡೇಟಾ ಕೊಡುವ ಪೂರ್ಣ ತಿಂಗಳ ಪ್ಲ್ಯಾನಿಗೆ 319 ರೂಪಾಯಿ. ಹನ್ನೆರಡು ತಿಂಗಳಿಗೆ 3,828. ಅಂದರೆ ವರ್ಷಕ್ಕೆ ಉಳಿಯುವುದು ಕೇವಲ 59 ರೂಪಾಯಿ. ಅದೇ ಡೇಟಾದ 84 ದಿನಗಳ ಪ್ಲ್ಯಾನಿಗೆ 799 ರೂಪಾಯಿ. 364 ದಿನಗಳಿಗೆ 3,462. ಇಲ್ಲಿ ಪ್ರತಿ ಫೋನಿಗೆ 425 ರೂಪಾಯಿ ಉಳಿಯುತ್ತದೆ. ಹಾಗಾದರೆ 365 ದಿನಗಳದು ಇನ್ನೂ ಅಗ್ಗವಿರಬೇಕು ಎಂದು ತೋರುವುದು ಸಹಜ. ಆ ಪ್ಲ್ಯಾನಿನ ದರ 3,599. ಅದರಲ್ಲಿ ದಿನಕ್ಕೆ 2.5 ಜಿಬಿ ಸಿಗುತ್ತದೆ, ನಿಜ, ಆದರೆ 1.5 ಜಿಬಿಯೇ ಸಾಕಾದವರಿಗೆ 84 ದಿನಗಳದೇ ಅಗ್ಗ. ಒಟ್ಟು ದರವನ್ನು ದಿನಗಳಿಂದ ಭಾಗಿಸದೆ ಯಾವ ಪ್ಲ್ಯಾನನ್ನೂ ಅಗ್ಗವೆನ್ನಬಾರದು.

ಈಗ ಮುಖ್ಯ ವಿಷಯ. ಈ ಮನೆಯು ಇಂಟರ್‌ನೆಟ್‌ಗೆ ಎರಡು ಸಲ ಹಣ ಕೊಡುತ್ತಿದೆ: ಒಮ್ಮೆ ಫೈಬರಿಗೆ, ಇನ್ನೊಮ್ಮೆ ನಾಲ್ಕು ಫೋನುಗಳ ದೈನಂದಿನ ಡೇಟಾಕ್ಕೆ. ಮನೆಯಲ್ಲಿ ವೈಫೈ ಹಿಡಿದಾಗ ಫೋನಿನ ಡೇಟಾ ಖರ್ಚಾಗುವುದಿಲ್ಲ. ಉಳಿದದ್ದು ಮಧ್ಯರಾತ್ರಿಗೆ ರದ್ದಾಗುತ್ತದೆ. ಆದ್ದರಿಂದ ಎರಡರಲ್ಲಿ ಒಂದನ್ನು ಕಡಿಮೆ ಮಾಡಬೇಕು. ಯಾವುದನ್ನು ಎಂಬುದನ್ನು ಟಿವಿ ನಿರ್ಧರಿಸುತ್ತದೆ. ನೆಟ್‌ಫ್ಲಿಕ್ಸ್ ಹೇಳುವ ಪ್ರಕಾರ ಎಚ್‌ಡಿ ಚಿತ್ರಕ್ಕೆ ಗಂಟೆಗೆ 3 ಜಿಬಿಯವರೆಗೆ ಡೇಟಾ ಬೇಕು. ಫೋನಿನ ದಿನದ 1.5 ಜಿಬಿ ಟಿವಿಗೆ ಅರ್ಧ ಗಂಟೆಗೆ ಮುಗಿಯಬಹುದು. ಟಿವಿಯಲ್ಲಿ ಆ್ಯಪ್ ಮೂಲಕ ದಿನವೂ ನೋಡುವ ಮನೆಗೆ ಫೈಬರ್ ಬೇಕು. ಎಲ್ಲರೂ ಫೋನಿನಲ್ಲೇ ನೋಡುವ ಮನೆಯಾದರೆ ವೈಫೈಯನ್ನು ಒಂದು ವಾರ ಆರಿಸಿಟ್ಟು, ಯಾರ ಡೇಟಾ ರಾತ್ರಿಗೆ ಮೊದಲೇ ಮುಗಿಯುತ್ತದೆಂದು ನೋಡಿರಿ. ಯಾರದೂ ಮುಗಿಯದಿದ್ದರೆ ಫೈಬರಿನ 6,358 ರೂಪಾಯಿ ಅನಗತ್ಯ.

ಫೈಬರ್ ಉಳಿಸಿಕೊಳ್ಳುವ ಮನೆಯು ಫೋನಿನ ಕಡೆ ಕತ್ತರಿಸಬೇಕು. ಇದಕ್ಕೆ ಕಾನೂನಿನ ನೆರವಿದೆ. 2024ರ ಡಿಸೆಂಬರ್ 23ರಂದು ಟ್ರಾಯ್ ಹೊರಡಿಸಿದ ತಿದ್ದುಪಡಿ ನಿಯಮದ ಪ್ರಕಾರ, ಡೇಟಾ ಇಲ್ಲದೆ ಕೇವಲ ಮಾತು ಮತ್ತು ಎಸ್‌ಎಮ್‌ಎಸ್ ಇರುವ ಕನಿಷ್ಠ ಒಂದು ವೋಚರನ್ನಾದರೂ ಪ್ರತಿ ಕಂಪನಿ ಕೊಡಬೇಕು. ಅದರಂತೆ ಬಂದ ಜಿಯೋದ 84 ದಿನಗಳ ವೋಚರ್ 448 ರೂಪಾಯಿ. 364 ದಿನಗಳಿಗೆ 1,941. ಅಜ್ಜಿಗೂ, ಹೆಚ್ಚಾಗಿ ಮನೆಯಲ್ಲೇ ಇರುವ ಗೃಹಿಣಿಗೂ ಇದು ಸಾಕು. ಹೊಲಕ್ಕೆ, ಪೇಟೆಗೆ ಹೋಗಿ ಯುಪಿಐ ಮೂಲಕ ಹಣ ಕೊಡುವ ಯಜಮಾನರಿಗೂ, ಬಸ್ಸಿನಲ್ಲಿ ಓಡಾಡುವ ಮಗಳಿಗೂ ಡೇಟಾ ಬೇಕು, ಅವರಿಗೆ 799ರದು. ನಾಲ್ಕು ಫೋನುಗಳ ಖರ್ಚು 15,548ರಿಂದ 10,806ಕ್ಕೆ ಇಳಿಯುತ್ತದೆ. ಇದರ ಮಿತಿಯನ್ನೂ ಹೇಳಬೇಕು. ವಿದ್ಯುತ್ ಹೋದಾಗ ವೈಫೈ ನಿಲ್ಲುತ್ತದೆ. ಆಗ ಆ ಎರಡು ಫೋನುಗಳಲ್ಲಿ ಕರೆ ನಡೆಯುತ್ತದೆ, ವಾಟ್ಸಾಪ್ ನಡೆಯುವುದಿಲ್ಲ.

ಇನ್ನು ಚಂದಾಗಳು. ಪ್ರೈಮಿನ ವಾರ್ಷಿಕ ದರ 1,499 ಇರುವಾಗ ತಿಂಗಳಿಗೆ 299ರಂತೆ 3,588 ಕೊಡುವುದರಲ್ಲಿ ಅರ್ಥವಿಲ್ಲ. ಐದು ತಿಂಗಳಿಗಿಂತ ಹೆಚ್ಚು ನೋಡುವವರು ವಾರ್ಷಿಕವನ್ನೇ ತೆಗೆದುಕೊಳ್ಳಬೇಕು. ನೆಟ್‌ಫ್ಲಿಕ್ಸಿಗೆ ಅಂಥ ವಾರ್ಷಿಕ ರಿಯಾಯಿತಿ ಇಲ್ಲ; ಆದ್ದರಿಂದ ಅಲ್ಲಿ ಲಾಭವಿರುವುದು ಬಿಟ್ಟು ಬಿಟ್ಟು ತೆಗೆದುಕೊಳ್ಳುವುದರಲ್ಲಿ. ಪರೀಕ್ಷೆ ಮುಗಿದ ಮೇಲಿನ ಮೂರು ತಿಂಗಳು ಮಾತ್ರ ಇಟ್ಟುಕೊಂಡರೆ 1,788ರ ಬದಲು 447. ಈ ಕ್ರಮದಲ್ಲಿ ಮನೆಯ ಒಟ್ಟು ಖರ್ಚು 19,110. ಉಳಿತಾಯ 8,172 ರೂಪಾಯಿ. ಫೈಬರನ್ನೇ ಬಿಟ್ಟು, ಅಜ್ಜಿಗೆ ಮಾತಿನ ವೋಚರನ್ನೂ ಉಳಿದ ಮೂವರಿಗೆ 799ರದನ್ನೂ ಇಟ್ಟರೆ ಒಟ್ಟು 14,274, ಉಳಿತಾಯ 13,008.

'ರಿಚಾರ್ಜಿನ ಜೊತೆಗೇ ನೆಟ್‌ಫ್ಲಿಕ್ಸ್ ಉಚಿತ' ಎಂಬ ಜಂಟಿ ಪ್ಲ್ಯಾನು ಇದಕ್ಕಿಂತ ಮೇಲಲ್ಲವೇ ಎಂದು ಕೇಳಬಹುದು. ಪರೀಕ್ಷಿಸೋಣ. ದಿನಕ್ಕೆ 2 ಜಿಬಿಯ 84 ದಿನಗಳ ಪ್ಲ್ಯಾನ್ 859 ರೂಪಾಯಿ. ಅದಕ್ಕೇ ನೆಟ್‌ಫ್ಲಿಕ್ಸ್ ಮೊಬೈಲ್ ಚಂದಾ ಸೇರಿಸಿದ್ದು 1,299. ಎರಡರ ನಡುವಿನ ವ್ಯತ್ಯಾಸ 440. ಅದೇ ಚಂದಾವನ್ನು ಬೇರೆಯಾಗಿ ಕೊಂಡರೆ 84 ದಿನಗಳಿಗೆ ಬೀಳುವುದು ಸುಮಾರು 411. ಉಚಿತವೆಂದು ತೋರಿದ್ದಕ್ಕೆ 29 ರೂಪಾಯಿ ಹೆಚ್ಚು ಕೊಟ್ಟಂತಾಯಿತು. 799ರ ಪ್ಲ್ಯಾನೇ ಸಾಕಾಗಿದ್ದವರಿಗೆ ವ್ಯತ್ಯಾಸ 500. ಅಷ್ಟೇ ಅಲ್ಲ, ಬೇಡವಾದ ತಿಂಗಳು ನಿಲ್ಲಿಸುವ ಸ್ವಾತಂತ್ರ್ಯವೂ ಹೋಯಿತು; ಮೊಬೈಲ್ ಚಂದಾ ಆದ್ದರಿಂದ ಟಿವಿಯಲ್ಲಿಯೂ ಕಾಣದು. ಯಾವ ಜಂಟಿ ಪ್ಲ್ಯಾನಿಗೂ ಇದೇ ಪರೀಕ್ಷೆ: ಅಷ್ಟೇ ಡೇಟಾದ ಬರಿಯ ಪ್ಲ್ಯಾನಿನ ದರವನ್ನು ಕಳೆಯಿರಿ, ಉಳಿದದ್ದನ್ನು ಚಂದಾದ ಬಿಡಿ ದರದೊಂದಿಗೆ ಹೋಲಿಸಿರಿ.

ಬಿಡಲು ನಿರ್ಧರಿಸಿದ ಚಂದಾವನ್ನು ಸರಿಯಾಗಿ ಬಿಡಬೇಕು. ಫೋನಿನಿಂದ ಆ್ಯಪನ್ನು ಅಳಿಸಿದರೆ ಹಣ ಕಡಿತ ನಿಲ್ಲುವುದಿಲ್ಲ. ಆ ಖಾತೆಯೊಳಗೆ ಹೋಗಿ ಚಂದಾ ರದ್ದು ಮಾಡಬೇಕು, ನಂತರ ಯುಪಿಐ ಆ್ಯಪಿನ ಆಟೋಪೇ ವಿಭಾಗದಲ್ಲಿ ಆ ಅನುಮತಿಯನ್ನೂ ತೆಗೆಯಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಆ ಸಂದೇಶವನ್ನು ಓದದೆ ಅಳಿಸಬೇಡಿರಿ. ಸೇರುವುದು ಸುಲಭವಾಗಿದ್ದು ಬಿಡುವುದನ್ನು ಬೇಕೆಂದೇ ಕಠಿಣ ಮಾಡಿದ್ದರೆ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳಲ್ಲಿ ಅದಕ್ಕೆ 'ಚಂದಾ ಬಲೆ' ಎಂಬ ಅರ್ಥದ ಹೆಸರಿದೆ, ಅದು ನಿಷಿದ್ಧವೂ ಹೌದು. ರದ್ದು ಮಾಡಲು ಯತ್ನಿಸಿದ ಪರದೆಯ ಚಿತ್ರವನ್ನು ದಿನಾಂಕ ಸಹಿತ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಕೊನೆಗೆ, ಗಡಿಯ ನಮ್ಮ ಮನೆಗಳಿಗೇ ವಿಶೇಷವಾದ ಒಂದು ಖರ್ಚು. ನೂಲ ಮಹಾರಾಷ್ಟ್ರದ ದೂರಸಂಪರ್ಕ ವಲಯದಲ್ಲಿದೆ, ಹತ್ತಿರದ ಸಂಕೇಶ್ವರ ಕರ್ನಾಟಕದ ವಲಯದಲ್ಲಿ. ರೋಮಿಂಗ್ ಶುಲ್ಕವಿದ್ದ ಕಾಲದಲ್ಲಿ ಆಚೆಗೊಂದು ಈಚೆಗೊಂದು ಸಿಮ್ ಇಡುವುದು ಜಾಣತನವಾಗಿತ್ತು. ಇಂದಿನ ಅನಿಯಮಿತ ಕರೆಯ ಪ್ಲ್ಯಾನುಗಳಲ್ಲಿ ದೇಶದೊಳಗಿನ ರೋಮಿಂಗಿಗೆ ಬೇರೆ ಹಣವಿಲ್ಲ. 2015ರ ಜುಲೈ 3ರಿಂದ ಒಂದು ವಲಯದ ಸಂಖ್ಯೆಯನ್ನು ಇನ್ನೊಂದು ವಲಯಕ್ಕೆ ಒಯ್ಯಲೂ ಬರುತ್ತದೆ. ಆದರೂ ಎರಡನೆಯ ಸಿಮ್ಮಿಗೆ 299ರಂತೆ ರಿಚಾರ್ಜ್ ಮಾಡುತ್ತಿದ್ದರೆ ವರ್ಷಕ್ಕೆ 3,887 ರೂಪಾಯಿ ಹೋಗುತ್ತದೆ.

ಆ ಸಿಮ್ಮನ್ನು ಬಿಡುವ ಮೊದಲು ಒಂದು ಎಚ್ಚರಿಕೆ ಅಗತ್ಯ. ನಿಲ್ಲಿಸಿದ ಸಂಖ್ಯೆಯನ್ನು 90 ದಿನಗಳವರೆಗೆ ಬೇರೆಯವರಿಗೆ ಕೊಡುವುದಿಲ್ಲವೆಂದು ಟ್ರಾಯ್ ಹೇಳಿದ್ದನ್ನು ಸರ್ವೋಚ್ಚ ನ್ಯಾಯಾಲಯವು 2023ರ ನವೆಂಬರ್‌ನಲ್ಲಿ ದಾಖಲಿಸಿಕೊಂಡಿದೆ. ಅದರ ನಂತರ ಆ ಸಂಖ್ಯೆ ಅಪರಿಚಿತರ ಕೈ ಸೇರಬಹುದು. ಸಂಕೇಶ್ವರದ ಬ್ಯಾಂಕಿನ ಖಾತೆಗೋ ಆಧಾರಿಗೋ ಅದೇ ಸಂಖ್ಯೆ ಜೋಡಣೆಯಾಗಿದ್ದರೆ ಓಟಿಪಿ ಅವರ ಫೋನಿಗೆ ಹೋಗುತ್ತದೆ. ಆದ್ದರಿಂದ ಬ್ಯಾಂಕು, ಆಧಾರ್, ಪಿಂಚಣಿ ಮತ್ತು ಅಡುಗೆ ಅನಿಲದ ದಾಖಲೆಗಳಲ್ಲಿ ಉಳಿಸಿಕೊಳ್ಳುವ ಸಂಖ್ಯೆಯನ್ನು ಮೊದಲು ನಮೂದಿಸಿರಿ. ಹಳೆಯ ಸಂಖ್ಯೆಯ ವಾಟ್ಸಾಪ್ ಖಾತೆಯನ್ನು ಅಳಿಸಿರಿ. ಹೊಸ ಸಂಖ್ಯೆಗೆ ಬ್ಯಾಂಕಿನ ಓಟಿಪಿ ಒಮ್ಮೆ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಹಳೆಯ ಸಿಮ್ಮಿನ ರಿಚಾರ್ಜ್ ನಿಲ್ಲಿಸಿರಿ.