ತಲೆಯ ಮೇಲೊಂದು ಬೆಳ್ಳಿತೆರೆ!

ಈ ವಾರ ಯಾವ ತಾರೆಯ ಸುದ್ದಿಯೂ ಇಲ್ಲ. ನನ್ನ ತಲೆಯ ಸುದ್ದಿ ಇದೆ. ಬೇಸರ ಮಾಡ್ಕೋಬೇಡಿ. ಬೆಳ್ಳಿತೆರೆಯ ಬಗ್ಗೆ ಬರೆದು ಹೊಟ್ಟೆ ಹೊರೆಯುವವನ ತಲೆಯೇ ಬೆಳ್ಳಿತೆರೆಯಾದ ಕಥೆ ಇದು. ಇದರಲ್ಲೂ ಖಳನಾಯಕರಿದ್ದಾರೆ, ಮಧ್ಯಂತರವಾದ ಮೇಲೆ ಒಂದು ತಿರುವೂ ಇದೆ.

ಹೋದ ವರ್ಷ ಕಾರಟಗಿಗೆ ಕನ್ಯಾ ನೋಡಲು ಹೋಗಿದ್ದೆವು. ಉಪ್ಪಿಟ್ಟು, ಚಹಾ ಎಲ್ಲಾ ಆಯ್ತು. ಹುಡುಗಿಯ ಸೋದರಮಾವ ಮಾತ್ರ ನನ್ನ ಮುಖ ಬಿಟ್ಟು ತಲೆಯನ್ನೇ ನೋಡುತ್ತ ಕೂತಿದ್ದರು. ಕೊನೆಗೆ ನಮ್ಮಪ್ಪನ ಕಡೆ ಬಾಗಿ, “ಯಜಮಾನ್ರ, ಹುಡುಗಗ ಇಪ್ಪತ್ತೇಳು ಅಂದಿದ್ರಿ. ನಲವತ್ತರ ಮ್ಯಾಲ ಕಾಣ್ತಾನಲ್ರಿ?” ಅಂದರು. ಅಪ್ಪ ಏನು ಮಾಡಿದರು ಗೊತ್ತೇ? ಚೀಲದಿಂದ ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ತೆಗೆದು ಮುಂದಿಟ್ಟರು! ಆ ಮಾವ ಹುಟ್ಟಿದ ತಾರೀಖು ನೋಡಿದರು. ಹಾಗೇ ಅಂಕಗಳನ್ನೂ ನೋಡಿದರು. ಸಂಬಂಧ ಕೂಡಲಿಲ್ಲ. ತಲೆಯಿಂದ ಮುರಿಯಿತೋ, ಅಂಕದಿಂದ ಮುರಿಯಿತೋ, ಆ ದೇವರಿಗೇ ಗೊತ್ತು.

ನನ್ನ ಮೊದಲ ಬಿಳಿ ಕೂದಲು ಕಂಡಿದ್ದು ಇಪ್ಪತ್ಮೂರಕ್ಕೆ, ಕಿವಿಯ ಮೇಲಿನ ಕಪಾಳದ ಹತ್ತಿರ. ನಮ್ಮ ಕಡೆಯವರಿಗೆ ಇಪ್ಪತ್ತೈದರ ಒಳಗೆ ನರೆ ಬಂದರೆ ವೈದ್ಯರು ಅದನ್ನು ಅಕಾಲದ ನರೆ ಅನ್ನುತ್ತಾರೆ. ನಮ್ಮ ಮರಳಿಯ ಕಟಿಂಗ್ ಶಾಪಿನಲ್ಲಿ ಮಾತ್ರ ಇದಕ್ಕೆ ಬೇರೆ ಬೇರೆ ಕಾರಣಗಳುಂಟು. ಒಬ್ಬರು, “ಕಾಲುವಿ ನೀರಿನ ಜಳಕ ಬಿಡಪಾ” ಅಂದರು. ಇನ್ನೊಬ್ಬರು, “ಶಾಂಪೂ ಹಚ್ಚಿ ಹಚ್ಚಿ ಹಿಂಗಾತು” ಅಂದರು. ಕತ್ತರಿ ಹಿಡಿದ ಅಣ್ಣ, “ಒಂದು ಕಿತ್ತರ ಹತ್ತು ಬರ್ತಾವ, ಕೀಳಬ್ಯಾಡ” ಅಂದ.

ಈಗ ವಿಷಯ ತಿಳಿದ ಮೇಲೆ ಹೇಳುತ್ತೇನೆ. ಕೂದಲಿಗೆ ಬಣ್ಣ ಬರುವುದು ಹೊರಗಿನಿಂದಲ್ಲ, ಚರ್ಮದ ಒಳಗಿನ ಬೇರಿನಲ್ಲಿ. ಅಲ್ಲಿ ಬಣ್ಣ ತಯಾರಿಸುವ ಪುಟ್ಟ ಜೀವಕೋಶಗಳಿವೆ. ಅವು ಮಾಡುವ ಬಣ್ಣದ ಹೆಸರು ಮೆಲನಿನ್. ಕೂದಲು ಬೆಳೆಯುವಾಗ ಆ ಬಣ್ಣವನ್ನು ಅದರೊಳಗೆ ತುಂಬಿ ಮೇಲಕ್ಕೆ ಕಳಿಸುತ್ತವೆ. ಆ ಕೋಶಗಳು ಸೋತವೋ, ಮುಂದೆ ಬರುವ ಕೂದಲು ಬಿಳಿ. ಕಾಲುವೆ ನೀರು ಕೂದಲನ್ನು ಒರಟು ಮಾಡಬಹುದೇ ಹೊರತು ಬೇರಿನ ಕಾರ್ಖಾನೆಯನ್ನು ಮುಚ್ಚಿಸಲಾರದು. ಇನ್ನು ಒಂದು ಕಿತ್ತರೆ ಹತ್ತು ಬರುವ ಮಾತು. ಒಂದು ಬೇರಿನ ಬಣ್ಣ ಪಕ್ಕದ ಬೇರಿಗೆ ಸಂಬಂಧವಿಲ್ಲ. ಆದರೂ ಕೀಳಬೇಡಿ. ಪದೇ ಪದೇ ಕಿತ್ತರೆ ಬೇರೇ ಕೆಟ್ಟು, ಬಿಳಿಯೂ ಇಲ್ಲ ಕರಿಯೂ ಇಲ್ಲ ಅನ್ನುವ ಹಾಗಾದೀತು.

ಕಾರಟಗಿಯಿಂದ ಬಂದ ರಾತ್ರಿ ಅಪ್ಪ ಟ್ರಂಕಿನಿಂದ ತಮ್ಮ ಮದುವೆಯ ಫೋಟೋ ತೆಗೆದರು. ಇಪ್ಪತ್ನಾಲ್ಕರ ವರ, ಬಾಸಿಂಗದ ಪಕ್ಕದಲ್ಲಿ ಕಪಾಳವೆಲ್ಲ ಬೆಳ್ಳಗೆ! ಅಜ್ಜಿ ನಕ್ಕಳು. “ನಿಮ್ಮ ಮುತ್ಯಾಂದೂ ಹಿಂಗ ಇತ್ತು. ನಾ ಏನು ಬಿಟ್ಟು ಹೋದ್ನೇನು?” ಅಂದಳು.

ಇದು ಮೊದಲನೆಯ ಕಾರಣ, ಎಲ್ಲಕ್ಕಿಂತ ದೊಡ್ಡದು: ವಂಶ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ದಕ್ಷಿಣ ಅಮೆರಿಕ ಮತ್ತು ಮೆಕ್ಸಿಕೋ ಕಡೆಯ 6 ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, ನರೆಗೆ ಸಂಬಂಧಪಟ್ಟ ಒಂದು ವಂಶವಾಹಿಯನ್ನು ಗುರುತಿಸಿದರು. ಅದರ ಹೆಸರು ಐಆರ್‌ಎಫ್‌4. ಆದರೆ ಅದೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಅಪ್ಪನಿಂದ ಬಂದ ನರೆಯನ್ನು ತಿರುಗಿಸುವ ಎಣ್ಣೆ, ಮಾತ್ರೆ ಯಾವುದೂ ಇವತ್ತಿಗೂ ಇಲ್ಲ. ಇದೆ ಅಂತ ಯಾರಾದರೂ ಸೀಸೆ ಹಿಡಿದು ಬಂದರೆ ದುಡ್ಡು ಜೇಬಿನಲ್ಲೇ ಇರಲಿ.

ಹಾಗಾದರೆ ಕಥೆ ಮುಗೀತಲ್ಲ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲೇ ಮಧ್ಯಂತರ.

ಗಂಗಾವತಿಯಲ್ಲಿ ಚರ್ಮದ ಡಾಕ್ಟರೊಬ್ಬರ ಹತ್ತಿರ ಹೋದೆ. ಕೂದಲಿಗೆ ಔಷಧಿ ಕೇಳಲು ಹೋದವನಿಗೆ ಅವರು ಕೂದಲು ಬಿಟ್ಟು ಉಳಿದಿದ್ದನ್ನೆಲ್ಲ ಕೇಳಿದರು. “ಸಿಗರೇಟು?” ಅಂದರು. ಪಿಯುಸಿ ಬಿಟ್ಟ ವರ್ಷದಿಂದ ದಿನಕ್ಕೆ ಎಂಟು ಹತ್ತು ಅಂದೆ. “ಊಟ?” ಅಂದರು. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ತರೋದಿಲ್ಲ. ನಾನು ಊರೂರು ತಿರುಗೋನು. ಮಧ್ಯಾಹ್ನ ಮಂಡಕ್ಕಿ ಮಿರ್ಚಿ, ರಾತ್ರಿ ಸಿಕ್ಕರೆ ಅನ್ನ ಸಾರು. ಹಾಲು ಅಂದರೆ ಚಹಾದೊಳಗಿನದಷ್ಟೇ. ಇದನ್ನೆಲ್ಲ ಬರೆದುಕೊಂಡು, “ಅಂಗಾಲು ಜುಮ್ ಜುಮ್ ಅಂತಾವೇನು? ನಾಲಗೆ ಉರಿ?” ಅಂತ ಕೇಳಿದರು.

ನನಗೆ ಆಶ್ಚರ್ಯ! ಆರೇಳು ತಿಂಗಳಿಂದ ರಾತ್ರಿ ಮಲಗಿದರೆ ಪಾದಕ್ಕೆ ಇರುವೆ ಹರಿದ ಹಾಗಾಗುತ್ತಿತ್ತು. ಚಪ್ಪಲಿ ಕಾಲಿನಿಂದ ಜಾರಿದರೂ ಗೊತ್ತಾಗುತ್ತಿರಲಿಲ್ಲ. ಬಸ್ಸಿನಲ್ಲಿ ನಿಂತು ನಿಂತು ಹೀಗಾಗಿದೆ ಅಂತ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ತಲೆಗೂ ಅಂಗಾಲಿಗೂ ಎಲ್ಲಿಯ ನಂಟು ಸ್ವಾಮೀ?

ನಂಟು ಇತ್ತು. ರಕ್ತ ಪರೀಕ್ಷೆಯಲ್ಲಿ ಬಿ12 ಅನ್ನೋ ಜೀವಸತ್ವ ಒಂದು ಮಿಲಿಲೀಟರಿಗೆ 128 ಪಿಕೋಗ್ರಾಂ ಬಂತು. 200ಕ್ಕಿಂತ ಕೆಳಗಿದ್ದರೆ ಕೊರತೆ ಅಂತ ಸಾಮಾನ್ಯವಾಗಿ ಲೆಕ್ಕ. ಈ ಬಿ12 ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಸೊಪ್ಪು, ಕಾಳು, ಜೋಳ, ಅಕ್ಕಿಯಲ್ಲಿ ಇಲ್ಲ. ಭತ್ತದ ಸೀಮೆಯಲ್ಲಿ ಹುಟ್ಟಿ ಮೂರು ಹೊತ್ತು ಅನ್ನ ಉಂಡರೂ ಅದು ಸಿಗುವುದಿಲ್ಲ. ರಕ್ತ ತಯಾರಾಗಲು ಅದು ಬೇಕು, ನರಗಳ ಮೇಲಿನ ಹೊದಿಕೆಗೆ ಬೇಕು. ಅದು ತಗ್ಗಿದಾಗ ಕೆಲವರಿಗೆ ಕೂದಲಿನ ಬಣ್ಣವೂ ತಗ್ಗುತ್ತದೆ. ಬಿಳಿ ಕೂದಲಿನಿಂದ ಯಾರೂ ಸಾಯೋದಿಲ್ಲ. ಆದರೆ ಬಿ12 ಇಲ್ಲದೆ ವರ್ಷಗಟ್ಟಲೆ ಬಿಟ್ಟರೆ ನರಗಳಿಗೆ ಆಗುವ ಪೆಟ್ಟು ಪೂರ್ತಿ ವಾಸಿಯಾಗದೆ ಉಳಿಯಬಹುದು. ನಾನು ತಲೆಯ ಬಗ್ಗೆ ಚಿಂತೆ ಮಾಡುತ್ತಿದ್ದೆ. ಚಿಂತೆ ಮಾಡಬೇಕಾಗಿದ್ದು ಕಾಲಿನ ಬಗ್ಗೆ!

ಇಲ್ಲಿ ಎರಡು ಎಚ್ಚರಿಕೆ. ನರೆ ಕಂಡ ಕೂಡಲೇ ಮೆಡಿಕಲ್ ಶಾಪಿನಿಂದ ಬಿ ಕಾಂಪ್ಲೆಕ್ಸ್ ತಂದು ನುಂಗಿ, ಆಮೇಲೆ ರಕ್ತ ಕೊಟ್ಟರೆ ಅಂಕಿ ಏರಿರುತ್ತದೆ, ನಿಜ ಮುಚ್ಚಿಹೋಗುತ್ತದೆ. ಮೊದಲು ರಕ್ತ, ಆಮೇಲೆ ಮಾತ್ರೆ. ಎರಡನೆಯದು, ಬರೀ ಫೋಲಿಕ್ ಆಸಿಡ್ ಮಾತ್ರೆ ತಿಂದರೆ ರಕ್ತಹೀನತೆ ಸರಿಹೋದಂತೆ ಕಂಡರೂ ಬಿ12 ಕೊರತೆಯಿಂದ ನರಗಳು ಒಳಗೊಳಗೇ ಕೆಡುತ್ತಾ ಹೋಗಬಹುದು.

ಜೀವಸತ್ವದ ಮಾತು ನಮ್ಮ ರಾಜ್ಯದಲ್ಲೂ ಪರೀಕ್ಷೆಯಾಗಿದೆ. 2013ರಲ್ಲಿ ಮಂಗಳೂರಿನ ಫಾದರ್ ಮುಲ್ಲರ್ ಮೆಡಿಕಲ್ ಕಾಲೇಜಿನ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಇಪ್ಪತ್ತರ ಒಳಗೇ ನರೆ ಬಂದ 35 ವಿದ್ಯಾರ್ಥಿಗಳು, ಅದೇ ವಯಸ್ಸಿನ ಕರಿತಲೆಯ 35 ಮಂದಿ. ಹೈಸ್ಕೂಲು, ಪಿಯುಸಿ ಮಕ್ಕಳು. ನಾನೂ ಪಿಯುಸಿ ಬಿಡದೇ ಇದ್ದಿದ್ದರೆ ಇಂಥದೊಂದು ಸಾಲಿನಲ್ಲಿ ನಿಲ್ಲುತ್ತಿದ್ದೆನೇನೋ! ನರೆಯವರ ರಕ್ತದಲ್ಲಿ ಕ್ಯಾಲ್ಸಿಯಂ, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಡಿ3 ಜೀವಸತ್ವ ಇವು ಕಡಿಮೆ ಕಂಡವು; ಇವಕ್ಕೂ ನರೆಗೂ ಸಂಬಂಧವಿರಬಹುದು ಅಂತ ಅವರು ಹೇಳಿದರು. ‘ಇರಬಹುದು’ ಅನ್ನುವ ಮಾತನ್ನು ಗಮನಿಸಿ. ಎಪ್ಪತ್ತು ಜನರ ಲೆಕ್ಕದಿಂದ ಇಡೀ ನಾಡಿಗೆ ಷರಾ ಬರೆಯಲಾಗದು.

ಇನ್ನು ನನ್ನ ಪ್ರೀತಿಯ ಖಳನಾಯಕ, ಸಿಗರೇಟು. ಅದೇ 2013ರಲ್ಲಿ ಜೋರ್ಡನ್ ದೇಶದ ವೈದ್ಯರು 207 ಜನರನ್ನು ನೋಡಿ, ಮೂವತ್ತರ ಒಳಗೆ ನರೆ ಬರುವ ಸಂಭವ ಸೇದುವವರಲ್ಲಿ ಸುಮಾರು ಎರಡೂವರೆ ಪಟ್ಟು ಹೆಚ್ಚು ಅಂತ ಕಂಡರು. ಹೊಗೆ ಮೈಯೊಳಗೆ ಒಂದು ಥರದ ತುಕ್ಕು ಹಿಡಿಸುವ ಕೆಲಸ ಮಾಡುತ್ತದೆ. ಬಣ್ಣದ ಕೋಶಗಳು ಮೊದಲೇ ನಾಜೂಕು, ಆ ತುಕ್ಕನ್ನು ತಡೆಯಲಾರವು ಅನ್ನುವುದು ವೈದ್ಯರ ಊಹೆ. ನಮ್ಮಪ್ಪ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ, ಅವರಿಗೂ ನರೆ ಬಂತು. ಆದ್ದರಿಂದ ನನ್ನ ನರೆಯೆಲ್ಲ ಹೊಗೆಯದೇ ಕೆಲಸ ಅಂತ ಹೇಳಲಾರೆ. ಡಾಕ್ಟರು ಒಂದೇ ಮಾತು ಹೇಳಿದರು: “ಅಪ್ಪನ್ನ ಬದಲಿ ಮಾಡಾಕ ಬರಂಗಿಲ್ಲ. ಸಿಗರೇಟು ಬಿಡಾಕ ಬರ್ತೈತಿ.”

ಇಂಜೆಕ್ಷನ್ ಶುರುವಾಯಿತು. ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಮನೆಯಲ್ಲಿ ರಾತ್ರಿ ಮೊಸರು ಕಡ್ಡಾಯ. ಮೂರನೆಯ ತಿಂಗಳಿಗೆ ಅಂಗಾಲಿನ ಇರುವೆಗಳು ಹೋದವು. ಕೂದಲು? ಅದನ್ನು ನೋಡುವ ಉಪಾಯವನ್ನೂ ಡಾಕ್ಟರೇ ಹೇಳಿಕೊಟ್ಟರು. ಕೂದಲು ತಿಂಗಳಿಗೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಒಂದು ಕೂದಲನ್ನು ಬಿಳಿ ಹಾಳೆಯ ಮೇಲೂ ಕಪ್ಪು ಬಟ್ಟೆಯ ಮೇಲೂ ಇಟ್ಟು ನೋಡಿ. ತುದಿ ಕಪ್ಪು, ಬುಡ ಬಿಳಿ ಇದ್ದರೆ ನರೆ ಹೊಸದಾಗಿ ಬರುತ್ತಿದೆ. ತುದಿ ಬಿಳಿ, ಬುಡ ಕಪ್ಪು ಇದ್ದರೆ ಬಣ್ಣ ಮರಳಿ ಬಂದಿದೆ. ಕಪ್ಪು ಬುಡ ಮೂರು ಸೆಂಟಿಮೀಟರ್ ಇದ್ದರೆ, ಬಂದು ಮೂರು ತಿಂಗಳಾಯಿತು ಅಂತ ಲೆಕ್ಕ. ಕಿತ್ತು ನೋಡಬೇಕಾಗಿಲ್ಲ, ಬಾಚಣಿಗೆಗೆ ಬಂದಿದ್ದು ಸಾಕು.

ನಾಲ್ಕು ತಿಂಗಳು ಬಾಚಣಿಗೆ ಹಿಡಿದು ಕೂತೆ. ಬುಡ ಕಪ್ಪಾದವು ಸಿಕ್ಕಿದ್ದು ಒಂಬತ್ತು. ಉಳಿದವೆಲ್ಲ ತುದಿಯಿಂದ ಬುಡದವರೆಗೆ ಅಪ್ಪನ ಆಸ್ತಿ! ಅಂದರೆ ಕೊರತೆಯ ಪಾಲು ಒಂಬತ್ತು ಕೂದಲಿನದು, ವಂಶದ ಪಾಲು ತಲೆ ತುಂಬ ಅಂತ ನಾನು ತಮಾಷೆ ಮಾಡುತ್ತೇನೆ. ಕಾಲು ಉಳಿಯಿತಲ್ಲ, ಅಷ್ಟು ಸಾಕು. ಸಿಗರೇಟು ಬಿಟ್ಟು ಐದು ತಿಂಗಳಾಯಿತು. ಒಮ್ಮೆ ಜಾರಿದೆ, ಸುಳ್ಳು ಹೇಳೋದಿಲ್ಲ.

ತಮಿಳಿನ ಅಜಿತ್ 2011ರಲ್ಲಿ ‘ಮಂಕಾತ್ತಾ’ದಲ್ಲಿ ನರೆತ ತಲೆಯಲ್ಲೇ ಬಂದಾಗ ಜನ ಸೀಟಿ ಹೊಡೆದರು. ಕಾರಟಗಿಯ ಮಾವ ಆ ಚಿತ್ರ ನೋಡಿರಲಿಕ್ಕಿಲ್ಲ! ಬಣ್ಣ ಹಚ್ಚಬೇಕೆಂದವರು ಹಚ್ಚಲಿ, ಆದರೆ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಎರಡು ದಿನ ಕಾಯಲಿ. ಕಪ್ಪು ಮೆಹೆಂದಿ ಅಂತ ಮಾರುವುದರಲ್ಲೂ ಎಷ್ಟೋ ಸಲ ಅದೇ ರಾಸಾಯನಿಕ ಬಣ್ಣವಿರುತ್ತದೆ. ಒಗ್ಗದವರಿಗೆ ಮುಖವೇ ಬಾತುಕೊಳ್ಳುತ್ತದೆ.

ಮೊನ್ನೆ ನನ್ನ ತಮ್ಮ ಕನ್ನಡಿ ಮುಂದೆ ನಿಂತು ಅಳುವ ಮುಖ ಮಾಡಿದ್ದ. ಹತ್ತೊಂಬತ್ತು ವರ್ಷ, ಕಪಾಳದಲ್ಲಿ ಎರಡು ಬಿಳಿ ಕೂದಲು. ಅಜ್ಜಿ, “ಬಂತು ನೋಡವಾ ಮುತ್ಯಾಂದು” ಅಂದಳು. ಅಪ್ಪ ಮಾತ್ರ ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವನನ್ನು ಗಂಗಾವತಿಗೆ ಕರೆದುಕೊಂಡು ಹೋದರು, ರಕ್ತ ಕೊಡಿಸಲು. ಹೋಗುವಾಗ ಬಾಗಿಲಲ್ಲಿ ನಿಂತು ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ:

“ಅಂಗಾಲು ಜುಮ್ ಅಂತಾವೇನಲೇ?”

ಮುಂದಿನ ವಾರ ತಾರೆಯರ ಸುದ್ದಿಯೊಡನೆ ಬರುತ್ತೇನೆ. ಅಲ್ಲಿಯವರೆಗೆ ನಿಮ್ಮ ಬಾಚಣಿಗೆಯನ್ನೊಮ್ಮೆ ನೋಡಿಕೊಳ್ಳಿ.