ಮೊಬೈಲ್ ಸ್ಟಾರ್ಟರ್ ಬಂತು, ಮೋಟಾರು ಉಳಿಯಿತೇ?

ಕತ್ತಲಾದ ಮೇಲೆ ತಿಗನಾರೆ ಕಡೆಯ ಹೊಲಗಳಿಗೆ ಹೋಗಿ ಮೋಟಾರು ಹಾಕುವುದು ಸುಲಭದ ಕೆಲಸವಲ್ಲ. ಸುತ್ತ ಸತ್ಯಮಂಗಲದ ಕಾಡು. 2013ರಲ್ಲಿ ಅದು ಹುಲಿ ಮೀಸಲು ಪ್ರದೇಶವಾಯಿತು. ಆನೆ ಯಾವ ದಾರಿಯಲ್ಲಿ ಬರುತ್ತದೋ ಹೇಳಲಾಗದು. ಹೀಗಿರುವಾಗ ಮನೆಯಲ್ಲೇ ಕೂತು ಮೊಬೈಲ್ ಒತ್ತಿ ಬೋರ್‌ವೆಲ್ ಮೋಟಾರು ಓಡಿಸಬಹುದು ಅಂದರೆ ಯಾರು ಬೇಡ ಅಂತಾರೆ? ಇಂಥ ಉಪಕರಣಕ್ಕೆ ತಮಿಳುನಾಡಿನ ಕೃಷಿ ಎಂಜಿನಿಯರಿಂಗ್ ಇಲಾಖೆ ಸಹಾಯಧನವನ್ನೂ ಕೊಟ್ಟಿದೆ.

ಆದರೆ ನಾವು ಕೊಳ್ಳುವಾಗ ನೋಡುವುದು ದೂರದಿಂದ ಆನ್ ಆಗುವುದನ್ನು ಮಾತ್ರ. ನಿಜವಾಗಿ ನೋಡಬೇಕಾದ್ದು, ನೀರಿಲ್ಲದಾಗ ತಾನಾಗಿ ಆಫ್ ಆಗುತ್ತದೆಯೇ ಎಂಬುದನ್ನು.

ಕಳೆದ ಬೇಸಿಗೆಯಲ್ಲಿ ನಮ್ಮ ಪಕ್ಕದ ಹೊಲದವರ ಮೋಟಾರು ಸುಟ್ಟಿತು. ಮಗ ಇರುವುದು ಚಾಮರಾಜನಗರದಲ್ಲಿ. ಅಲ್ಲಿಂದಲೇ ಆನ್ ಮಾಡಿದ. ಅರ್ಧ ಗಂಟೆಗೆ ಬೋರಿನಲ್ಲಿ ನೀರು ಮುಗಿದಿದೆ, ಮೋಟಾರು ಮಾತ್ರ ಓಡುತ್ತಲೇ ಇದೆ. "ಮೋಟಾರು ಓಡ್ತಾ ಇದೆ ಅಂತ ತೋರಿಸ್ತಪ್ಪಾ, ನೀರು ಬರ್ತಿದೆ ಅಂದ್ಕೊಂಡೆ" ಅಂದನಂತೆ. ಡಬ್ಬದಲ್ಲಿ ಡ್ರೈ ರನ್ ರಕ್ಷಣೆ ಇತ್ತು. ಅದನ್ನು ಯಾರೂ ಸೆಟ್ ಮಾಡಿರಲಿಲ್ಲ, ಅಷ್ಟೇ.

ಬೋರಿನೊಳಗಿನ ಮೋಟಾರಿಗೆ ತಂಪು ಕೊಡುವುದೇ ಸುತ್ತ ಹರಿಯುವ ನೀರು. ನೀರು ನಿಂತರೆ ಮೊದಲು ಪಂಪಿನ ಬುಷ್‌ಗಳು ಸವೆಯುತ್ತವೆ, ಆಮೇಲೆ ವೈಂಡಿಂಗ್ ಕಾಯುತ್ತದೆ. ಇದನ್ನು ಸ್ಟಾರ್ಟರ್ ಕಂಡುಹಿಡಿಯುವುದು ಆಂಪಿಯರ್‌ನಿಂದ. ಎತ್ತಲು ನೀರಿಲ್ಲದಿದ್ದರೆ ಮೋಟಾರಿಗೆ ಭಾರ ಕಡಿಮೆ, ಎಳೆಯುವ ಕರೆಂಟೂ ಕಡಿಮೆ.

ಒಂದು ಲೆಕ್ಕ ನೋಡೋಣ. ನಿಮ್ಮ 5 ಎಚ್‌ಪಿ ಮೋಟಾರು ನೀರು ತುಂಬಿ ಬರುವಾಗ 8 ಆಂಪಿಯರ್ ತೋರಿಸುತ್ತದೆ ಅಂತಿಟ್ಟುಕೊಳ್ಳಿ. ಡ್ರೈ ರನ್ ಮಿತಿಯನ್ನು ಅದರ ಮುಕ್ಕಾಲು ಭಾಗಕ್ಕೆ, ಅಂದರೆ 6ಕ್ಕೆ ಇಡಿ. ತಡ 10 ಸೆಕೆಂಡ್ ಇರಲಿ. ಆಂಪಿಯರ್ 6ಕ್ಕಿಂತ ಇಳಿದು 10 ಸೆಕೆಂಡ್ ಕಳೆದರೆ ಮೋಟಾರು ನಿಲ್ಲಬೇಕು, ಮೊಬೈಲಿಗೆ ಸಂದೇಶ ಬರಬೇಕು. ಪಕ್ಕದವರ ಅಂಕಿ ನಿಮಗೆ ಆಗದು. ಆಳ ಬೇರೆ, ಪಂಪು ಬೇರೆ. ಕಡಿಮೆ ಇಟ್ಟರೆ ನೀರು ಮುಗಿದರೂ ನಿಲ್ಲದು, ಜಾಸ್ತಿ ಇಟ್ಟರೆ ನೀರಿದ್ದರೂ ನಿಲ್ಲುತ್ತದೆ. ರಾತ್ರಿ ವೋಲ್ಟೇಜ್ ಏರಿದಾಗ ನೀರಿಲ್ಲದ ಮೋಟಾರೂ ಸ್ವಲ್ಪ ಜಾಸ್ತಿ ಕರೆಂಟು ಎಳೆಯುತ್ತದೆ. ಆದ್ದರಿಂದ ಹಗಲು ಒಮ್ಮೆ, ರಾತ್ರಿ ಒಮ್ಮೆ ಆಂಪಿಯರ್ ನೋಡಿ ಬರೆದಿಟ್ಟುಕೊಳ್ಳಿ.

ಪರೀಕ್ಷೆ ಮಾಡಲು ಬೋರು ಬತ್ತುವ ತನಕ ಕಾಯಬೇಕಿಲ್ಲ. ಮೋಟಾರು 8ರಲ್ಲಿ ಓಡುತ್ತಿರುವಾಗ ಮಿತಿಯನ್ನು 8.5ಕ್ಕೆ ಏರಿಸಿ. 10 ಸೆಕೆಂಡಿಗೆ ಮೋಟಾರು ನಿಂತು ಸಂದೇಶ ಬಂದರೆ ರಕ್ಷಣೆ ಕೆಲಸ ಮಾಡುತ್ತಿದೆ ಎಂದರ್ಥ. ಆಮೇಲೆ ಮರೆಯದೆ 6ಕ್ಕೆ ಇಳಿಸಿ. ಜೋಡಿಸಲು ಬಂದವರು ಇದನ್ನು ಕಣ್ಣೆದುರು ಮಾಡಿ ತೋರಿಸುವ ತನಕ ಹಣ ಕೊಡಬಾರದು ಎಂಬುದು ನನ್ನ ಅಭಿಪ್ರಾಯ.

ನಿಂತ ಮೋಟಾರು ಮತ್ತೆ ಯಾವಾಗ ಓಡಬೇಕು ಎಂಬುದೂ ಮುಖ್ಯ. ನಿಮ್ಮ ಬೋರಿಗೆ ನೀರು ಊರಲು ಎರಡು ಗಂಟೆ ಬೇಕಿದ್ದು, ಡಬ್ಬದಲ್ಲಿ ಅರ್ಧ ಗಂಟೆ ಸೆಟ್ ಆಗಿದ್ದರೆ, ರಾತ್ರಿಯೆಲ್ಲಾ ಓಡಿ ನಿಂತು ಓಡಿ ನಿಂತು ಮೋಟಾರು ಸಾಯುತ್ತದೆ. ಊರುವ ಹೊತ್ತು ಗೊತ್ತಿಲ್ಲದಿದ್ದರೆ ತಾನಾಗಿ ಓಡುವುದನ್ನು ಆಫ್ ಮಾಡಿಡುವುದೇ ಲೇಸು.

ಸಿಮ್ ವಿಷಯದಲ್ಲೂ ಎಚ್ಚರ ಬೇಕು. 2ಜಿ ಮಾತ್ರ ಹಿಡಿಯುವ ಡಬ್ಬಕ್ಕೆ ಜಿಯೋ ಸಿಮ್ ಆಗದು. ಬೋರಿನ ಹತ್ತಿರವೇ ನಿಂತು ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆಂದು ನೋಡಿ ಸಿಮ್ ಕೊಳ್ಳಿ. ರೀಚಾರ್ಜ್ ಮುಗಿದರೆ ಎಚ್ಚರಿಕೆಯ ಸಂದೇಶವೂ ಬಾರದು. ಆದರೆ ಡ್ರೈ ರನ್ ರಕ್ಷಣೆ ಡಬ್ಬದೊಳಗೇ ಇರುವುದರಿಂದ, ಸೆಟ್ ಮಾಡಿದ್ದರೆ ಸಿಗ್ನಲ್ ಇಲ್ಲದಿದ್ದರೂ ಮೋಟಾರು ನಿಲ್ಲುತ್ತದೆ. ಸೆಟ್ಟಿಂಗಿಗೆ ಮೊದಲ ಜಾಗ ಕೊಡಿ ಅನ್ನುವುದು ಇದಕ್ಕೇ.

ಕೊನೆಯದಾಗಿ, ಗಡಿಯಾಚೆ ಇರುವ ಮಕ್ಕಳಿಗೆ ಒಂದು ಮಾತು. ನೀವು ಮೈಸೂರಿನಲ್ಲಿ ಕೂತು ಒತ್ತುವಾಗ ಇಲ್ಲಿ ಅಪ್ಪ ಕೇಬಲ್ ಜಾಯಿಂಟಿಗೆ ಕೈ ಹಾಕಿರಬಹುದು. ಫೋನ್ ಮಾಡಿ ಕೇಳದೆ ಆನ್ ಮಾಡಬೇಡಿ. ಇಲ್ಲಿರುವವರೂ ಡಬ್ಬ ಮುಟ್ಟುವ ಮೊದಲು ಮೇನ್ ಸ್ವಿಚ್ ಇಳಿಸಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಲಿ. ಆ್ಯಪ್‌ನಲ್ಲಿ ಆಫ್ ಅಂತ ಕಂಡರೆ ಕರೆಂಟು ಇಲ್ಲ ಎಂದಲ್ಲ.

ನಮ್ಮ ನೆರೆಯವರ ಕೈಗೆ ಡಬ್ಬದ ಜತೆ ಬಂದ ಹಾಳೆ ಇಂಗ್ಲಿಷಿನಲ್ಲಿತ್ತು. ತಾಳವಾಡಿ ಬೆಟ್ಟದಲ್ಲಿ ಕನ್ನಡ ಓದುವ ರೈತರಿದ್ದಾರೆ. ಸಹಾಯಧನ ಕೊಡುವವರು ಈ ನಾಲ್ಕು ಸೆಟ್ಟಿಂಗುಗಳನ್ನು ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸಿ ಡಬ್ಬದ ಬಾಗಿಲಿಗೆ ಅಂಟಿಸಲಿ. ಅದಕ್ಕಾಗುವ ಖರ್ಚು ಒಂದು ಮೋಟಾರಿನ ವೈಂಡಿಂಗ್ ಖರ್ಚಿಗಿಂತ ದೊಡ್ಡದೇನಲ್ಲ.