"ಎಲ್ಲಾ ಸರಿ ಅದ" ಅಂತ ಸಹಿ ಹಾಕಬ್ಯಾಡ್ರಿ

ಮೊನ್ನೆ ನಮ್ಮ ಓಣ್ಯಾಗ ಒಬ್ರು ವೈನಿ ಕಿರಾಯಿ ಮನಿಗಿ ಬಂದ್ರು. ಟೆಂಪೋದಿಂದ ಸಾಮಾನು ಇನ್ನಾ ಇಳೀಲತ್ತಿತ್ತು, ಅಷ್ಟರಾಗ ಮಾಲಕರು ಸ್ಟಾಂಪ್ ಪೇಪರ್ ತಂದು ಮುಂದ ಹಿಡಿದ್ರು. ವೈನಿ ಯಜಮಾನ್ರು ಗ್ಯಾಸ್ ಸಿಲಿಂಡರ್ ಮ್ಯಾಲೇ ಕಾಗದ ಇಟ್ಟು ಸಹಿ ಹಾಕಿ ಕೊಟ್ರು. "ಓದಿದ್ರೇನ್ರಿ ಅಣ್ಣಾ?" ಅಂತ ಕೇಳಿದೆ. "ಎಲ್ಲಾರ್ದೂ ಹಿಂಗೇ ಇರ್ತದ, ಏನು ಓದೋದಕ್ಕಾ" ಅಂದ್ರು.

ನಾ ಇಸ್ಕೊಂಡು ಓದಿದೆ. ಎರಡನೇ ಪುಟದಾಗ ಆ ಸಾಲು ಇದ್ದೇ ಇತ್ತು. "ಮನೆಯ ಎಲ್ಲಾ ಫಿಟ್ಟಿಂಗ್‌ಗಳು ಸುಸ್ಥಿತಿಯಲ್ಲಿವೆ, ಬಿಡುವಾಗ ಇದೇ ಸ್ಥಿತಿಯಲ್ಲಿ ಒಪ್ಪಿಸತಕ್ಕದ್ದು." ಈ ಒಂದು ಸಾಲು ನನಗ ಹುಮನಾಬಾದದಾಗ 13,500 ರೂಪಾಯಿಗಿ ಬಿದ್ದದ.

ನಾವು ಅಲ್ಲಿ ಒಂದು ಫ್ಲ್ಯಾಟಿನಾಗ ಮೂರು ವರ್ಷ ಇದ್ದಿವಿ. ಡಿಪಾಜಿಟ್ 30,000 ಕೊಟ್ಟಿದ್ದಿವಿ. ಹೋದ ದಿನಾನೇ ವಾಶ್ ಬೇಸಿನ್ ಕೆಳಗ ಕೂದಲೆಳಿಯಂಥ ಸೀಳು ನಾ ನೋಡಿದ್ದೆ, ಮಾಲಕರಿಗಿ ತೋರ್ಸಿದ್ದೆ ಕೂಡ. "ಇರ್ಲಿ ಬಿಡ್ರಿ ಅಕ್ಕಾ, ನೋಡೋಣು" ಅಂದಿದ್ರು. ಬಚ್ಚಲದ ಹಿಂದಿನ ಗ್ವಾಡಿ ಪ್ರತಿ ಮಳಿಗಾಲಕ್ಕ ಉಬ್ಬಿ ಬಣ್ಣ ಉದುರ್ತಿತ್ತು. ಬಿಡೋ ದಿನ ಆ ಮಾತು ಅವರಿಗಿ ನೆನಪಿಲ್ಲ. ಬಣ್ಣಕ್ಕ 8,000, ಗೀಜರಿಗಿ 3,500, ಬೇಸಿನ್‌ಗಿ 2,000 ಮುರ್ಕೊಂಡು 16,500 ಕೈಯಾಗ ಇಟ್ರು. ನಾ ಎಷ್ಟು ಹೇಳಿದ್ರೂ ಅವರು ಕಾಗದ ತೋರ್ಸಿದ್ರು. ಅದರಾಗ "ಸುಸ್ಥಿತಿ" ಅಂತ ಇತ್ತು, ಕೆಳಗ ನಮ್ಮ ಸಹಿ ಇತ್ತು. ಅವರು ಪೂರಾ ಸುಳ್ಳು ಹೇಳಿದ್ರು ಅಂತಾನೂ ನಾ ಅನ್ನಲ್ಲ. ಮೂರು ವರ್ಷದ ಹಿಂದಿನ ಸೀಳು ಯಾರಿಗಿ ನೆನಪಿರ್ತದ?

ಕಾನೂನಿನ ಮಾತು ಥೋಡೆ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಅಂತ ಅದ, ಅದರ 108ನೇ ಕಲಮಿನಾಗ ಕಿರಾಯಿದಾರರ ಜವಾಬ್ದಾರಿ ಬರ್ದಾರ. ಮನಿ ನಿಮ್ಮ ಕೈಗಿ ಬಂದಾಗ ಯಾವ ಸ್ಥಿತಿಯಾಗ ಇತ್ತೋ ಅದೇ ಸ್ಥಿತಿಯಾಗ ವಾಪಸ್ ಕೊಡಬೇಕು, ಆದ್ರ ಸರಿಯಾಗಿ ವಾಪರಿಸಿದಾಗ ಆಗೋ ಸವಕಳಿ ಬಿಟ್ಟು. ಅಂದ್ರ ಬಣ್ಣ ಮಾಸೋದು, ನಳದ ವಾಶರ್ ಸವಿಯೋದು ನಿಮ್ಮ ತಪ್ಪಲ್ಲ. ಕಾಯ್ದೆ ನಮ್ಮ ಕಡೀನೇ ಅದ ಅಂತ ಖುಷಿ ಆಗಬ್ಯಾಡ್ರಿ. "ಕೈಗಿ ಬಂದಾಗ ಇದ್ದ ಸ್ಥಿತಿ" ಯಾವುದು ಅಂತ ತೋರ್ಸೋ ಕಾಗದ ಇಲ್ಲಂದ್ರ ಆ ಮಾತು ಗಾಳ್ಯಾಗಿಂದೇ. ಕಾಗದದಾಗ "ಸುಸ್ಥಿತಿ" ಅಂತ ಇದ್ರ ಅಂತೂ ನಾವೇ ನಮ್ಮ ಕೈಯಾರೆ ಸೀಳಿಲ್ಲದ ಬೇಸಿನ್ ತಗೊಂಡಂಗ ಆಯ್ತು.

ಅದಕ ನಂದು ಒಂದೇ ಹಟ. "ಚಲೋ ಅದ", "ಸರಿ ಅದ" ಅನ್ನೋ ಶಬ್ದ ಕಾಗದದಾಗ ಬರಬಾರ್ದು. ಏನದ, ಎಲ್ಲದ, ಎಷ್ಟದ, ನಡೀತದೋ ಇಲ್ಲೋ, ಕಲೆ-ಸೀಳು ಎಷ್ಟುದ್ದ, ಇದು ಬರಬೇಕು.

2022ರಾಗ ನಮ್ಮ ತಂಗಿ ಮಗಳು-ಅಳಿಯ ಬಸವಕಲ್ಯಾಣದಾಗ ಮೊದಲನೇ ಮಹಡಿ ಫ್ಲ್ಯಾಟ್ ಹಿಡಿದ್ರು, ಡಿಪಾಜಿಟ್ 40,000. ಚಾವಿ ಕೊಡೋ ದಿನ ನಾ ಸಂಗಟ ಹೋದೆ. ಸಾಮಾನು ತರೋದಕ್ಕ ಒಂದು ದಿನ ಮುಂಚೆ, ಮುಂಜಾನೆ ಹತ್ತಕ್ಕ, ಕರೆಂಟು-ನೀರು ಎರಡೂ ಇದ್ದ ಹೊತ್ತಿಗಿ. ಇದು ಮುಖ್ಯ ನೋಡ್ರಿ. ಪಲಂಗ, ಕಪಾಟು ಇಟ್ಟ ಮ್ಯಾಲ ಗ್ವಾಡಿ ಕಾಣಂಗಿಲ್ಲ, ರಾತ್ರಿ ಬಲ್ಬಿನ ಬೆಳಕಿಗಿ ಉಬ್ಬಿದ ಬಣ್ಣ ಕಾಣಂಗಿಲ್ಲ. ಮಗಳ ನೋಟ್‌ಬುಕ್ಕಿನ ಹಾಳಿಯಾಗ ನಾಕು ಗೆರಿ ಎಳ್ದಿವಿ: ಸಾಮಾನು, ಎಷ್ಟು, ಬಂದಾಗ, ಹೋಗುವಾಗ. ಕೊನೀದು ಖಾಲಿ ಬಿಟ್ಟಿವಿ. ದೊಡ್ಡ ಬಾಗಲದಿಂದ ಹಿಡಿದು ಎಡಗೈ ಗ್ವಾಡಿಗಿ ಹಚ್ಕೊಂಡೇ ಒಂದೊಂದು ಖೋಲಿ ತಿರಗಿದಿವಿ, ಹಂಗ ತಿರಗಿದ್ರ ಯಾವ ಮೂಲೀನೂ ತಪ್ಪಂಗಿಲ್ಲ.

ಹಾಲಿನಾಗ ನಾ ಬರ್ಸಿದ್ದು ಹಿಂಗಿತ್ತು. "ಬಾಗಲದಿಂದ ಎಡಗಡೆ ಗ್ವಾಡಿ, ನೆಲದಿಂದ ಒಂದೂವರಿ ಅಡಿ ತನಕ ಬಣ್ಣ ಉಬ್ಬ್ಯಾದ, ಅಗಲ ನಾಕು ಅಡಿ. ಬಣ್ಣ ಹಳೇದು, ಮಾಲಕರು ಹೇಳಿದಂಗ ಮೂರು ವರ್ಷದ್ದು. ಮೊಳೆ ತೂತು ಎರಡು. ಪಂಕಾ ಒಂದು, ರೆಗ್ಯುಲೇಟರ್ ಒಂದನೇ ನಂಬರಿಗಿ ತಿರಗಂಗಿಲ್ಲ."

ಹೊಸಾ ಬಣ್ಣ ಬಳದ ಮನಿ ಇದ್ರ ಇನ್ನಾ ಹುಷಾರಿರ್ರಿ. ಬಣ್ಣ ತೇವಾನ ಮುಚ್ಚಿ ಬಿಡ್ತದ, ಒಂದು ಮಳಿಗಾಲ ಆದ ಮ್ಯಾಲ ಮತ್ತ ಹೊರಗ ಬರ್ತದ. ಬಚ್ಚಲಕ ಹತ್ತಿದ ಗ್ವಾಡಿ ಹಿಂದಿಗಿ ಹೋಗಿ ಅಂಗೈ ಹಚ್ಚಿ ನೋಡ್ರಿ, ಬ್ಯಾರೆ ಗ್ವಾಡಿಗಿಂತ ತಣ್ಣಗ ಇದ್ರ, ಉಪ್ಪಿನ ಹಿಟ್ಟಿನಂಥ ಬಿಳಿ ಪುಡಿ ಕೈಗಿ ಹತ್ತಿದ್ರ ಒಳಗ ನೀರು ಅದ ಅಂತ ತಿಳೀರಿ. ಮುಚ್ಚಿದ ಖೋಲಿ ಬಾಗಲ ತೆಗದ ಕೂಡಲೇ ಬರೋ ಹಸಿ ವಾಸನಿನೂ ಅದನ್ನೇ ಹೇಳ್ತದ. ಅದನ್ನ ಬರ್ದು, "ತೇವ ಬಂದ್ರ ಮನಿಯ ದುರಸ್ತಿ" ಅಂತ ಒಂದು ಸಾಲು ಸೇರ್ಸಿಬಿಡ್ರಿ.

ನಡ್ಯೋ ಸಾಮಾನಿಗಿ ಕಣ್ಣು ಸಾಲಂಗಿಲ್ಲ, ನಡ್ಸೇ ನೋಡಬೇಕು. ಗೀಜರ್ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟಿವಿ, ನೀರು ಕಾದದ ಅಂತ ಬರ್ಕೊಂಡಿವಿ, ಕೆಳಗ ಒಣ ಬಟ್ಟಿ ಹಿಡಿದು ಹನಿ ಅದೇನು ನೋಡಿದಿವಿ. ಕಂಪನಿ ಹೆಸರು, 15 ಲೀಟರ್, ಚೀಟಿ ಮ್ಯಾಲಿನ ನಂಬರು ಬರ್ದಿವಿ, ಇಲ್ಲಂದ್ರ ನಾಳೆ "ನಂದು ಹೊಸಾದಿತ್ತು, ನೀವು ಬದ್ಲಿ ಮಾಡೀರಿ" ಅನ್ನೋ ಮಾತೂ ಬರ್ತದ. ಎಲ್ಲಾ ನಳ ಒಮ್ಮೆಗೇ ಬಿಟ್ಟು ಬಚ್ಚಲದ ಜಾಳಿಯಾಗ ನೀರು ನಿಲ್ತದೇನು ನೋಡಿದಿವಿ. ಫೋನಿನ ಚಾರ್ಜರ್ ಕೈಯಾಗ ಹಿಡ್ಕೊಂಡು ಒಂದೊಂದು ಪ್ಲಗ್ಗಿಗೂ ಹಾಕ್ಕೋತ ಹೋದಿವಿ, ಅಡ್ಗಿ ಮನ್ಯಾಗ ಒಂದು ನಡೀಲಿಲ್ಲ. ಜೆಸ್ಕಾಂ ಮೀಟರಿನ ರೀಡಿಂಗ್ ಫೋಟೋ ತಗದು, ಹಳೇ ಬಿಲ್ ಬಾಕಿ ಇಲ್ಲ ಅಂತ ಮಾಲಕರ ಕಡೆ ಬರ್ಸಿದಿವಿ.

ಗೀಜರ್ ಬಗ್ಗೆ ಒಂದು ಮಾತು. ಕೇಂದ್ರ ಸರಕಾರ 2021ರಾಗ ಮಾದರಿ ಬಾಡಿಗೆ ಕಾಯ್ದೆ ಅಂತ ತಂದದ. ಅದು ಬರೀ ಮಾದರಿ, ರಾಜ್ಯದವರು ತಗೊಂಡ್ರ ಮಾತ್ರ ಕಾನೂನು. ಆದ್ರ ಅದರ ಕೊನೆಗಿ ಯಾವ ದುರಸ್ತಿ ಯಾರ್ದು ಅಂತ ಒಂದು ಯಾದಿ ಅದ, ನೋಡ್ಕೊಳ್ಳಾಕ ಚಲೋ. ಗ್ವಾಡಿಗಿ ಸುಣ್ಣ, ಬಾಗಲ-ಖಿಡಕಿ ಬಣ್ಣ, ಪೈಪು, ವೈರಿಂಗು ಮಾಲಕರ್ದು. ನಳದ ವಾಶರ್, ಸ್ವಿಚ್ಚು, ಖಿಡಕಿ ಗಾಜು, ಸೊಳ್ಳಿ ಜಾಳಿ, ಗೀಜರ್ ದುರಸ್ತಿ ಕಿರಾಯಿದಾರರ್ದು. ಗೀಜರ್ ನಮ್ಮ ಮ್ಯಾಲ ಹಾಕ್ಯಾರ ಅಂತ ಓದಿದಾಗ ನನಗ ಸಿಟ್ಟೇ ಬಂತು, ಬೋರ್ ನೀರಿಗಿ ಕಾಯಿಲಿನ ಮ್ಯಾಲ ಬಿಳಿ ಪೊರಿ ಹತ್ತೋದು ನಾವು ಮಾಡಿದ್ದಲ್ಲಲ್ಲ! ಅದಕ ಮಾಲಕರ ಸಂಗಟ ಮಾತಾಡಿ ಮೊದಲೇ ಬರ್ದಿವಿ: ಕಾಯಿಲು ಹೋದ್ರ ನಾವು, ಟಾಕಿ ಸೋರಿದ್ರ ಅವರು.

ಅವತ್ತು ಮಾಲಕರ ಮಾರಿ ಸಣ್ಣದಾಗಿತ್ತು, ಖರೇ. "ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ" ಅಂದ್ರು. ನಾ ಅಂದೆ, "ಕಾಕಾ, ಎರಡು ಪ್ರತಿ ಮಾಡ್ಯೀವಿ, ಒಂದು ನಿಮ್ಮ ಕಡೆ ಇರ್ತದ. ನಾಳೆ ಇವರು ಒಂದು ಪಂಕಾ ಒಯ್ದ್ರ ನೀವು ಇದನ್ನೇ ತೋರ್ಸ್ರಿ." ಆವಾಗ ಅವರ ಮನಿಯವರೇ ಒಳಗಿಂದ ಚಾ ತಂದು, "ಬರೀಲಿ ಬಿಡ್ರಿ, ಹಿಂದಿನವರು ನಮ್ಮ ಎರಡು ಬಲ್ಬ್ ಹೋಲ್ಡರ್ ಬಿಚ್ಕೊಂಡು ಹೋಗ್ಯಾರ" ಅಂದ್ರು. ಇಬ್ಬರೂ ಎಲ್ಲಾ ಹಾಳಿ ಮ್ಯಾಲ ಸಹಿ ಹಾಕಿದ್ರು. ಫೋಟೋ ನಲವತ್ತರ ಮ್ಯಾಲ ಆದವು, ಸೀಳಿನ ಪಕ್ಕದಾಗ ಒಂದು ರೂಪಾಯಿ ನಾಣ್ಯ ಇಟ್ಟು ತಗದಿವಿ. ಅವತ್ತೇ ಅಳಿಯ ಮಾಲಕರ ವಾಟ್ಸಾಪಿಗಿ ಕಳ್ಸಿದ, ತಾರೀಖು ಎರಡೂ ಕಡೆ ಉಳೀತು.

ಮಂದಿ ಒಂದು ಕಡೆ ತಪ್ಪತಾರ. ನೋಂದಣಿ ತಪ್ಪಿಸ್ಲಿಕ್ಕಿ ಕರಾರು ಹನ್ನೊಂದು ತಿಂಗಳದ್ದೇ ಮಾಡ್ತಾರ, ಮತ್ತ ಹೊಸಾ ಕಾಗದಕ್ಕ ಸಹಿ. ಆ ಹೊಸಾದರಾಗ ಮತ್ತ "ಸುಸ್ಥಿತಿ" ಇರ್ತದ! ಹಂಗಾದ್ರ ಹಳೇ ಪಟ್ಟಿ ನೀವೇ ಹರಿದಂಗ. ನಮ್ಮ ಹುಡುಗಿ 2023ರಾಗ ಆ ಸಾಲು ಹೊಡಿಸಿ, "ಮೊದಲಿನ ಪಟ್ಟಿಯಂತೆ" ಅಂತ ಬರ್ಸಿದ್ಲು. ನಾ ಫೋನಿನಾಗ ಜೀವ ತಿಂದಿದ್ದಕ್ಕ.

2024ರಾಗ ಬಿಡೋ ಹತ್ತು ದಿನ ಮುಂಚೆ ಅದೇ ಹಾಳಿ ಹಿಡಿದು, ಅದೇ ಎಡಗೈ ಗ್ವಾಡಿ ದಾರಿ ಹಿಡಿದು ಮಾಲಕರ ಸಂಗಟ ತಿರಗಿದಿವಿ. ಕೊನೀ ದಿನಕ್ಕ ಇಟ್ರ ದುರಸ್ತಿಗಿ ವ್ಯಾಳೆ ಇರಂಗಿಲ್ಲ, ಅವರು ಹೇಳಿದ್ದೇ ದರ ಆಗ್ತದ. ಕಾಕಾ ಪೂರಾ ಬಣ್ಣಕ್ಕ 9,000 ಕೇಳಿದ್ರು. ಹಾಳಿ ತೋರ್ಸಿದಿವಿ: ಬಂದಾಗಲೇ ಮೂರು ವರ್ಷದ ಬಣ್ಣ, ಈಗ ಐದು ವರ್ಷದ್ದು, ಉಬ್ಬಿದ್ದೂ ಬರ್ದದ. ಸುಮ್ಮನಾದ್ರು. ಮೊಳೆ ತೂತು ಎರಡು ಇದ್ದದ್ದು ಎಂಟು ಆಗಿದ್ದವು, ಅಳಿಯನೇ 80 ರೂಪಾಯಿ ಪುಟ್ಟಿ ತಂದು ತುಂಬಿದ. ಬೆಡ್‌ರೂಮಿನ ಖಿಡಕಿ ಗಾಜು ಒಡ್ದಿತ್ತು, ಪಟ್ಟಿಯಾಗ ಇರಲಿಲ್ಲ, ಅದು ನಮ್ಮದೇ, 450. ಸೊಳ್ಳಿ ಜಾಳಿ 600. ಕಾಯಿಲು 700.

ಒಂದರಾಗ ನಾ ಸೋತೆ. ಸಿಂಕಿನ ಕೆಳಗಿನ ಕಪಾಟು ತೆಗದು ನೋಡೋದು ಬಂದ ದಿನ ಮರ್ತಿದ್ದಿವಿ. ಪೈಪ್ ಹನಿದು ಒಳಗಿನ ಹಲಗಿ ಊದಿತ್ತು. ಯಾವಾಗಿಂದು ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. 1,500 ಕೇಳಿದ್ರು, ಅರ್ಧಕ್ಕ ಮುಗೀತು, 750. ಎಲ್ಲಾ ಕೂಡಿ 2,500 ಹೋಗಿ 37,500 ವಾಪಸ್ ಬಂತು. ಯಾವುದಕ್ಕ ಎಷ್ಟು ಮುರ್ಕೊಂಡ್ರು ಅಂತ ನಾಕನೇ ಗೆರಿಯಾಗೇ ಬರ್ದು ಮತ್ತ ಇಬ್ಬರೂ ಸಹಿ ಹಾಕಿದ್ರು.

ಈ ಕಾಗದ ರೊಕ್ಕ ತಂದು ಕೊಡ್ತದ ಅಂತ ತಿಳೀಬ್ಯಾಡ್ರಿ. ಡಿಪಾಜಿಟ್ ಖರ್ಚು ಮಾಡಿ ಕುಂತ ಮಾಲಕರು "ಮುಂದಿನ ತಿಂಗಳು" ಅಂದ್ರ ಹಾಳಿ ಏನು ಮಾಡ್ತದ? ಅದಕ ಚಾವಿ ಮತ್ತ ರೊಕ್ಕ ಒಂದೇ ಹೊತ್ತಿಗಿ ಕೈ ಬದಲಿ ಆಗಬೇಕಂತ ಕರಾರಿನಾಗೇ ಹಾಕ್ಸ್ರಿ, ಮತ್ತ ಎಷ್ಟು ಚಾವಿ ತಗೊಂಡೀರಿ ಅನ್ನೋದು ಪಟ್ಟಿಯ ಮೊದಲನೇ ಸಾಲಾಗಿರ್ಲಿ. ನಮ್ಮವು ಮೂರು ಇದ್ದವು, ಒಂದು ಹುಡುಗನ ಸ್ಕೂಲ್ ಬ್ಯಾಗಿನಾಗ ಉಳ್ದಿತ್ತು. ಅದನ್ನ ಕೊಡ್ಲಿಕ್ಕಿ ಮತ್ತ ಹೋದಾಗ ಕಾಕಾನ ಮನಿಯವರು, ಹೊಸಾ ಕಿರಾಯಿದಾರರು ಬರ್ಲತ್ತಾರ, ಆ ಖಾಲಿ ಪಟ್ಟಿ ಒಂದು ನಮಗೂ ಬರ್ದು ಕೊಡವ್ವಾ ಅಂದ್ರಂತ.